ಹೆಚ್ಚುವರಿ ಸೌರವಿದ್ಯುತ್ತಿನಿಂದ ಸ್ನಾನದ ನೀರು: ಕಾಯಿಲ್ ಹಾಕುವುದೋ, ಸೋಲಾರ್ ವಾಟರ್ ಹೀಟರನ್ನೇ ಉಳಿಸಿಕೊಳ್ಳುವುದೋ?

ಪುಣೆಯ ಧಾಯರಿ, ವಾರ್ಜೆ, ಪಾಷಾಣ್‌ನಂಥ ಬಡಾವಣೆಗಳ ರೋ ಹೌಸ್‌ಗಳ ತಾರಸಿಯಲ್ಲಿ ಈಗ ಎರಡು ತಲೆಮಾರಿನ ಸೌರ ಸಲಕರಣೆಗಳು ಒಟ್ಟಿಗೆ ಕಾಣಸಿಗುತ್ತವೆ. ಒಂದು ಮೂಲೆಯಲ್ಲಿ ಹತ್ತು ಹದಿನೈದು ವರ್ಷ ದುಡಿದು ಸುಸ್ತಾದ 200 ಲೀಟರಿನ ಸೋಲಾರ್ ವಾಟರ್ ಹೀಟರ್ ಇರುತ್ತದೆ. ಅದರ ಪಕ್ಕದಲ್ಲೇ ಈಚೆಗೆ ಕೂರಿಸಿದ 3 ಕಿಲೋವ್ಯಾಟ್ ಪ್ಯಾನೆಲ್‌ಗಳು. ಹಳೆಯ ಹೀಟರ್ ಕೈಕೊಟ್ಟ ದಿನ ಹುಟ್ಟುವ ಪ್ರಶ್ನೆಯನ್ನು ಹುಬ್ಬಳ್ಳಿ ಕಡೆಯ ನೆರೆಯವರೊಬ್ಬರು ನನ್ನೆದುರು ಹೀಗೆ ಇಟ್ಟರು: "ಅಣ್ಣಾ, ಪ್ಯಾನೆಲ್ ಹೆಂಗೂ ಅದಾವಲ್ಲ, ಮಧ್ಯಾಹ್ನ ಕರೆಂಟ್ ಉಳೀತದ. ಹಳೇ ಟಾಕಿಗೆ ಒಂದು ಕಾಯಿಲ್ ಹಾಕಿಬಿಟ್ರ ಆತಲ್ಲ?" ಆಗುತ್ತದೆ, ಆದರೆ ಎಲ್ಲ ಮನೆಗಳಲ್ಲೂ ಅಲ್ಲ, ವರ್ಷದ ಎಲ್ಲ ತಿಂಗಳುಗಳಲ್ಲೂ ಅಲ್ಲ. ಯಾವಾಗ ಆಗುತ್ತದೆ, ಹೇಗೆ ಮಾಡಬೇಕು ಎಂಬುದನ್ನು ಈ ಒಂದೇ ಬಗೆಯ ಮನೆಯನ್ನು ಇಟ್ಟುಕೊಂಡು ಇಲ್ಲಿ ವಿವರಿಸುತ್ತೇನೆ.

ಮೊದಲ ಹೆಜ್ಜೆ: ನಿಮ್ಮಲ್ಲಿ ನಿಜವಾಗಿಯೂ ಹೆಚ್ಚುವರಿ ವಿದ್ಯುತ್ ಇದೆಯೇ?

ಮಹಾರಾಷ್ಟ್ರದ ವಿದ್ಯುತ್ ಕಂಪನಿಯಾದ ಮಹಾವಿತರಣದ ನೆಟ್ ಮೀಟರ್ ಇರುವ ಮನೆಯಲ್ಲಿ ಮಧ್ಯಾಹ್ನ ಹೊರಗೆ ಹೋಗುವ ಪ್ರತಿ ಯೂನಿಟ್ ನಿಮ್ಮ ಖಾತೆಗೆ ಜಮೆಯಾಗುತ್ತದೆ, ರಾತ್ರಿ ಬಳಸಿದ ಯೂನಿಟ್ಟಿಗೆ ವಜಾ ಆಗುತ್ತದೆ. ಹಾಗಿರುವಾಗ ಗೀಸರನ್ನು ಬೆಳಗಿನ ಆರಕ್ಕೆ ಹಾಕಿದರೂ ಮಧ್ಯಾಹ್ನದ ಒಂದಕ್ಕೆ ಹಾಕಿದರೂ ಯೂನಿಟ್ಟಿನ ಲೆಕ್ಕದಲ್ಲಿ ವ್ಯತ್ಯಾಸವಿಲ್ಲ. ಹಾಗಾಗಿ ಉಳಿದ ವಿದ್ಯುತ್ತನ್ನು ಹಿಡಿದು ನೀರಿಗೆ ತಿರುಗಿಸುವ ಸಾಧನಕ್ಕೆ ಹಣ ಹಾಕಿದರೆ ಉಳಿತಾಯವೇನೂ ಆಗುವುದಿಲ್ಲ. ಅಲ್ಲಿ ನೋಡಬೇಕಾದದ್ದು ಒಂದೇ: ಮಾರ್ಚ್ ಕೊನೆಗೆ ಬಿಲ್ಲಿನಲ್ಲಿ ಜಮೆಯಾಗಿ ಉಳಿದ ಯೂನಿಟ್‌ಗಳು ಎಷ್ಟು ಎಂಬುದು. ಹಣಕಾಸು ವರ್ಷ ಮುಗಿದಾಗ ಉಳಿದದ್ದಕ್ಕೆ ಸಿಗುವ ದರ ನೀವು ಕೊಳ್ಳುವ ದರಕ್ಕಿಂತ ಬಹಳ ಕಡಿಮೆಯಾದ್ದರಿಂದ, ಅಷ್ಟು ಯೂನಿಟ್‌ಗಳನ್ನು ನೀರು ಕಾಯಿಸಲು ಬಳಸುವುದು ಲಾಭ. ಅದಕ್ಕೆ ಸಾಮಾನ್ಯ ಗೀಸರ್ ಸಾಕು. ಹಗಲಿಗೂ ಸಂಜೆಗೂ ಬೇರೆ ಬೇರೆ ದರ ಬೀಳುವ ಮೀಟರಾಗಿದ್ದರೆ ಮಾತ್ರ ಹಗಲಲ್ಲೇ ಕಾಯಿಸುವುದಕ್ಕೆ ಸ್ವಲ್ಪ ಅರ್ಥ ಬರುತ್ತದೆ.

ನಾನು ಹೇಳಹೊರಟಿರುವುದು ಇನ್ನೊಂದು ಬಗೆಯ ಮನೆಯ ಬಗ್ಗೆ. ನೆಟ್ ಮೀಟರ್ ಸಿಗದೆ ಅಥವಾ ಬೇಡವೆಂದು, ಬ್ಯಾಟರಿಯಿರುವ ಹೈಬ್ರಿಡ್ ಇನ್ವರ್ಟರನ್ನು ಹೊರಗೆ ಏನನ್ನೂ ಕಳುಹಿಸದಂತೆ ಹೊಂದಿಸಿಕೊಂಡ ಮನೆ ಅದು. ಇಲ್ಲಿ ಹೆಚ್ಚುವರಿ ವಿದ್ಯುತ್ ಕಣ್ಣಿಗೆ ಬೀಳುವುದೇ ಇಲ್ಲ. ಬ್ಯಾಟರಿ ತುಂಬಿದ ಕೂಡಲೇ ಇನ್ವರ್ಟರ್ ಪ್ಯಾನೆಲ್‌ಗಳಿಂದ ಎಳೆಯುವುದನ್ನೇ ತಗ್ಗಿಸಿಬಿಡುತ್ತದೆ. ಮೊಬೈಲಿನಲ್ಲಿ ಕಾಣುವ ಉತ್ಪಾದನೆಯ ಗೆರೆ, ಸೂರ್ಯ ನೆತ್ತಿಯ ಮೇಲಿರುವಾಗಲೇ, ಕಡಿದು ಹಾಕಿದಂತೆ ಕೆಳಗಿಳಿಯುತ್ತದೆ. ಮನೆಯವರು ಇದನ್ನು ಪ್ಯಾನೆಲ್‌ನ ದೋಷವೆಂದು ತಿಳಿದು ಪ್ಯಾನೆಲ್ ತೊಳೆಯಲು ಹೊರಡುವುದುಂಟು.

ಪರೀಕ್ಷೆ ಸುಲಭ. ಮೋಡವಿಲ್ಲದ ಒಂದು ದಿನ, ಬ್ಯಾಟರಿ ನೂರಕ್ಕೆ ನೂರು ತೋರಿಸುತ್ತಿರುವಾಗ, ಮಧ್ಯಾಹ್ನ ಒಂದರ ಸುಮಾರಿಗೆ ಇಸ್ತ್ರಿಪೆಟ್ಟಿಗೆಯನ್ನೋ ನೀರಿನ ಕೆಟಲನ್ನೋ ಹಚ್ಚಿ ಇನ್ವರ್ಟರಿನ ಪರದೆಯನ್ನು ನೋಡಿ. 400 ವ್ಯಾಟ್ ಇದ್ದ ಉತ್ಪಾದನೆ ಕೆಲವೇ ಕ್ಷಣಗಳಲ್ಲಿ 1400ಕ್ಕೋ 1900ಕ್ಕೋ ಏರಿ, ಗ್ರಿಡ್‌ನಿಂದ ಬರುವುದು ಸೊನ್ನೆಯ ಹತ್ತಿರವೇ ಉಳಿದರೆ, ಅಷ್ಟು ವಿದ್ಯುತ್ ದಿನವೂ ತಾರಸಿಯ ಮೇಲೆ ವ್ಯರ್ಥವಾಗುತ್ತಿದೆ ಎಂದು ಅರ್ಥ.

ಎರಡನೆಯ ಹೆಜ್ಜೆ: ಉಳಿಕೆಯ ಲೆಕ್ಕ

ಪುಣೆಯಲ್ಲಿ 3 ಕಿಲೋವ್ಯಾಟ್ ಪ್ಯಾನೆಲ್‌ಗಳು ನಿರ್ಮಲ ಆಕಾಶದ ದಿನ ಸುಮಾರು 12.5 ಯೂನಿಟ್ ಕೊಡುತ್ತವೆ ಎಂದಿಟ್ಟುಕೊಳ್ಳೋಣ. ಹಗಲಿನಲ್ಲಿ ಫ್ರಿಜ್, ಫ್ಯಾನ್, ಟಿವಿ, ಲ್ಯಾಪ್‌ಟಾಪ್, ಪಂಪು ಸೇರಿ 3 ಯೂನಿಟ್ ತಿನ್ನುತ್ತವೆ. ರಾತ್ರಿ ಬಹುಪಾಲು ಖಾಲಿಯಾದ 5 ಯೂನಿಟ್ಟಿನ ಬ್ಯಾಟರಿ ಮತ್ತೆ ತುಂಬಲು, ನಷ್ಟವೂ ಸೇರಿ, 4.5 ಬೇಕು. ಉಳಿಯುವುದು 5 ಯೂನಿಟ್.

ಈಗ ಅರೆಮೋಡದ ದಿನವನ್ನು ನೋಡಿ. ಉತ್ಪಾದನೆ ಮೂರನೆಯ ಒಂದು ಭಾಗದಷ್ಟು ತಗ್ಗಿ 8 ಯೂನಿಟ್ಟಿಗೆ ಇಳಿಯಿತು. ಮನೆಯ 3, ಬ್ಯಾಟರಿಯ 4.5 ಕಳೆದರೆ ಉಳಿದದ್ದು ಅರ್ಧ ಯೂನಿಟ್. ಜುಲೈನ ಜಿಟಿಜಿಟಿ ಮಳೆಯ ದಿನ 5 ಯೂನಿಟ್ ಬಂದರೆ ಬ್ಯಾಟರಿಯೇ ತುಂಬುವುದಿಲ್ಲ, ನೀರಿಗೆ ಏನೂ ಇಲ್ಲ. ಉತ್ಪಾದನೆ ಸ್ವಲ್ಪ ಕುಸಿದರೆ ಉಳಿಕೆ ಪೂರ್ತಿ ಕುಸಿಯುತ್ತದೆ, ಏಕೆಂದರೆ ಪಂಕ್ತಿಯಲ್ಲಿ ಕೊನೆಗೆ ಕೂತವನಿಗೆ ಪಾತ್ರೆಯಲ್ಲಿ ಮಿಕ್ಕಿದ್ದಷ್ಟೇ ಬಡಿಸಲಾಗುತ್ತದೆ. ಸೋಲಾರ್ ವಾಟರ್ ಹೀಟರಿಗೆ ಈ ಪೈಪೋಟಿ ಇಲ್ಲ. ಅದರ ಮೇಲೆ ಬಿದ್ದ ಬಿಸಿಲೆಲ್ಲ ನೀರಿಗೇ ಸೇರಿದ್ದು. ಎರಡನ್ನೂ ಹೋಲಿಸುವವರು ಸಾಮಾನ್ಯವಾಗಿ ದಕ್ಷತೆಯ ಶೇಕಡಾವಾರನ್ನು ಮಾತ್ರ ನೋಡಿ ಇದನ್ನು ಬಿಟ್ಟುಬಿಡುತ್ತಾರೆ. ನನ್ನ ದೃಷ್ಟಿಯಲ್ಲಿ ತೀರ್ಮಾನಿಸಬೇಕಾದ ಅಂಶ ಇದೇ.

ಮೂರನೆಯ ಹೆಜ್ಜೆ: ಎಷ್ಟು ಬಿಸಿನೀರು ಬೇಕು?

ಒಂದು ಯೂನಿಟ್ ವಿದ್ಯುತ್ 860 ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡುತ್ತದೆ. ಸೂತ್ರ ಇಷ್ಟೇ:

```
ಯೂನಿಟ್ = ಲೀಟರ್ × ಏರಬೇಕಾದ ಡಿಗ್ರಿ ÷ 860
```

ನಾಲ್ಕು ಜನರ ಮನೆ, ತಲೆಗೆ 20 ಲೀಟರಿನ ಎರಡು ಬಕೆಟ್, ಮೈಗೆ ಹಿತವಾದ 40 ಡಿಗ್ರಿ. ಡಿಸೆಂಬರಿನಲ್ಲಿ ನಲ್ಲಿಯ ನೀರು 20 ಡಿಗ್ರಿ ಎಂದು ಹಿಡಿದರೆ 160 × 20 ÷ 860, ಅಂದರೆ 3.7 ಯೂನಿಟ್. ರಾತ್ರಿಯೆಲ್ಲ ಟ್ಯಾಂಕಿನಿಂದ ಸೋರುವ ಶಾಖಕ್ಕೂ ಪೈಪಿನಲ್ಲಿ ಉಳಿಯುವುದಕ್ಕೂ ಇನ್ನೊಂದು ಯೂನಿಟ್ ಸೇರಿಸಿದರೆ ಐದಕ್ಕೆ ಸ್ವಲ್ಪ ಕಡಿಮೆ. ಮೇಲೆ ಉಳಿದದ್ದೂ ಐದೇ. ಪುಣೆಯ ಚಳಿಗಾಲದಲ್ಲಿ ಆಕಾಶ ತಿಳಿಯಾಗಿರುವುದರಿಂದ ಈ ಲೆಕ್ಕ ಕೂಡಿಬರುತ್ತದೆ. ಮುಂಬಯಿಯಲ್ಲೂ ಗೋವೆಯಲ್ಲೂ ನಲ್ಲಿಯ ನೀರೇ ಬೆಚ್ಚಗಿರುವುದರಿಂದ ಬೇಕಾಗುವ ಯೂನಿಟ್ ಇನ್ನೂ ಕಡಿಮೆ. ಆದರೆ ಅಲ್ಲಿ ಬಹುಪಾಲು ಜನರಿಗೆ ತಾರಸಿಯೇ ಸ್ವಂತದ್ದಲ್ಲ.

ಇದೇ 5 ಯೂನಿಟ್ಟನ್ನು ಸೋಲಾರ್ ವಾಟರ್ ಹೀಟರಿನಿಂದ ಪಡೆಯಬೇಕಾದರೆ ಬಿಸಿಲು ಹಿಡಿಯುವ ಸಂಗ್ರಾಹಕ ಎರಡು ಚದರ ಮೀಟರ್ ಇದ್ದರೆ ಸಾಕು: ಚದರ ಮೀಟರಿಗೆ ದಿನಕ್ಕೆ ಐದೂವರೆ ಯೂನಿಟ್ ಬಿಸಿಲು, ಅದರಲ್ಲಿ ಅರ್ಧದಷ್ಟು ನೀರಿಗೆ. ಪ್ಯಾನೆಲ್‌ನಿಂದಾದರೆ ಅದಕ್ಕೆ 550 ವ್ಯಾಟಿನ ಎರಡಕ್ಕಿಂತ ಹೆಚ್ಚು ಪ್ಯಾನೆಲ್, ಆರು ಚದರ ಮೀಟರಿನಷ್ಟು ಜಾಗ ಬೇಕಾಗುತ್ತದೆ. ಆದ್ದರಿಂದ ನೀರು ಕಾಯಿಸುವುದಕ್ಕೆಂದೇ ಹೊಸ ಪ್ಯಾನೆಲ್ ಕೊಳ್ಳುವುದು ಜಾಣತನವಲ್ಲ. ಕಾಯಿಲ್ ಗೆಲ್ಲುವುದು, ಪ್ಯಾನೆಲ್ ಮೊದಲೇ ಇದ್ದು ಅದರ ವಿದ್ಯುತ್ ಹಾಳಾಗುತ್ತಿರುವಾಗ ಮಾತ್ರ.

ನಾಲ್ಕನೆಯ ಹೆಜ್ಜೆ: ಹಳೆಯ ಹೀಟರಿನ ರೋಗವೇನು?

ಕೀಳುವ ಮೊದಲು ಹತ್ತಿರ ಹೋಗಿ ನೋಡಿ. ಗಾಜಿನ ಕೊಳವೆಗಳದ್ದಾಗಿದ್ದರೆ ಪ್ರತಿ ಕೊಳವೆಯ ಕೆಳತುದಿಯಲ್ಲಿ, ಆಧಾರದ ಬಟ್ಟಲನ್ನು ಸರಿಸಿದಾಗ, ಕನ್ನಡಿಯಂತೆ ಹೊಳೆಯುವ ಬೆಳ್ಳಿಬಣ್ಣದ ಲೇಪ ಕಾಣಬೇಕು. ಅದು ಹಾಲಿನಂತೆ ಬೆಳ್ಳಗಾಗಿದ್ದರೆ ಆ ಕೊಳವೆಯ ನಿರ್ವಾತ ಹೋಗಿದೆ. ಅದು ಬಿಸಿಲಿನಲ್ಲಿ ಗಳಿಸಿದ್ದನ್ನು ಗಾಳಿಗೆ ಬಿಟ್ಟುಕೊಡುತ್ತದೆ. ಎರಡು ಮೂರು ಕೊಳವೆ ಮಾತ್ರ ಹೀಗಾಗಿದ್ದರೆ ಅವನ್ನು ಬದಲಾಯಿಸಿ, ಈ ಮಾರ್ಗದರ್ಶಿಯನ್ನು ಇಲ್ಲಿಗೇ ಮಡಿಚಿಡಬಹುದು. ಅದಕ್ಕಿಂತ ಅಗ್ಗದ ದಾರಿ ಇನ್ನೊಂದಿಲ್ಲ. ಚಪ್ಪಟೆ ಫಲಕದ್ದಾಗಿದ್ದು, ಬೋರ್‌ವೆಲ್ ಮತ್ತು ಟ್ಯಾಂಕರಿನ ಗಡಸು ನೀರಿನಿಂದ ತಾಮ್ರದ ಕೊಳವೆಗಳೊಳಗೆ ಸುಣ್ಣ ಕಟ್ಟಿದ್ದರೆ, ಮಧ್ಯಾಹ್ನ ಫಲಕದ ಗಾಜು ಕೆಂಡದಂತಿದ್ದರೂ ಟ್ಯಾಂಕಿಗೆ ಹೋಗುವ ಮೇಲಿನ ಪೈಪು ಬೆಚ್ಚಗಷ್ಟೇ ಇರುತ್ತದೆ. ಆಮ್ಲದಿಂದ ತೊಳೆಸಿದರೆ ಕೆಲವೊಮ್ಮೆ ಸರಿಹೋಗುತ್ತದೆ. ಫಲಕ ಸೋರುತ್ತಿದ್ದರೆ ಇಲ್ಲ.

ಸಂಗ್ರಾಹಕ ಸಂಪೂರ್ಣ ಸತ್ತಿದ್ದು ಟ್ಯಾಂಕ್ ಮಾತ್ರ ಗಟ್ಟಿಯಾಗಿರುವ ಮನೆಗೆ ಕಾಯಿಲ್ ಹೇಳಿ ಮಾಡಿಸಿದ್ದು. ಕೊಳವೆಗಳನ್ನು ತೆಗೆದರೆ ಟ್ಯಾಂಕಿನ ರಂಧ್ರಗಳನ್ನು ಮುಚ್ಚುವುದು ಕಷ್ಟವಾದ್ದರಿಂದ ಒಡೆಯದ ಕೊಳವೆಗಳನ್ನು ಹಾಗೆಯೇ ಬಿಡಿ. ಅವು ಟ್ಯಾಂಕಿನ ಕೆಳಗಿರುವುದರಿಂದ ತಣ್ಣೀರು ಅವುಗಳಲ್ಲೇ ನಿಂತಿರುತ್ತದೆ, ಮೇಲಿನ ಬಿಸಿನೀರು ಹೆಚ್ಚಾಗಿ ಕೆಳಗಿಳಿಯುವುದಿಲ್ಲ.

ಸಂಗ್ರಾಹಕ ಚೆನ್ನಾಗಿ ಕೆಲಸ ಮಾಡುತ್ತಿರುವಾಗಲೂ ಅದೇ ಟ್ಯಾಂಕಿಗೆ ಉಳಿಕೆ ವಿದ್ಯುತ್ತಿನ ಕಾಯಿಲ್ ಸೇರಿಸುವ ಆಸೆ ಹಲವರಿಗಿದೆ. ಅದರಿಂದ ಸಿಗುವುದು ಅತ್ಯಲ್ಪ. ಬಿಸಿಲಿರುವ ದಿನ ಎರಡೂ ಒಟ್ಟಿಗೆ ದುಡಿಯುತ್ತವೆ. ಮೋಡದ ದಿನ ಎರಡೂ ಒಟ್ಟಿಗೆ ಮಲಗುತ್ತವೆ.

ಐದನೆಯ ಹೆಜ್ಜೆ: ಕಾಯಿಲ್‌ನ ಗಾತ್ರ ಮತ್ತು ಸ್ಥಾನ

ಬಿಸಿಲಿನ ಸಂಗ್ರಾಹಕಕ್ಕೆ ದೊಡ್ಡ ಟ್ಯಾಂಕ್ ಒಳ್ಳೆಯದು. ನೀರು ಬಿಸಿಯಾದಷ್ಟೂ ಅದು ಗಾಳಿಗೆ ಕಳೆದುಕೊಳ್ಳುವ ಶಾಖ ಹೆಚ್ಚುವುದರಿಂದ, ಹೆಚ್ಚು ನೀರನ್ನು ಸಾಧಾರಣ ಬಿಸಿ ಮಾಡುವುದೇ ಅದಕ್ಕೆ ಲಾಭ. ಕಾಯಿಲ್‌ಗೆ ಈ ಕಟ್ಟು ಇಲ್ಲ; ನೀರು 25 ಡಿಗ್ರಿ ಇದ್ದರೂ 60 ಇದ್ದರೂ ಅದು ಕೊಡುವ ಶಾಖ ಅಷ್ಟೇ. ನಮ್ಮಲ್ಲಿರುವ ಐದು ಯೂನಿಟ್ಟನ್ನು 200 ಲೀಟರಿಗೂ ಹಂಚಿದರೆ 20 ಡಿಗ್ರಿಯ ನೀರು 41ಕ್ಕೆ ಏರಿ, ಬೆಳಗಾಗುವಷ್ಟರಲ್ಲಿ 37ಕ್ಕೆ ಇಳಿದು, ಚಳಿಯಲ್ಲಿ ಯಾರಿಗೂ ಬೇಡವಾದ ಉಗುರುಬೆಚ್ಚಗಿನ ನೀರಾಗುತ್ತದೆ. ಅದರಲ್ಲಿ 100 ಲೀಟರನ್ನು ಮಾತ್ರ 60 ಡಿಗ್ರಿಗೆ ಏರಿಸಿದರೆ 4.65 ಯೂನಿಟ್ ಸಾಕು. ಬೆಳಿಗ್ಗೆ ಅದು 55ಕ್ಕೆ ಇಳಿದಿದ್ದರೂ 92 ಲೀಟರ್ ಬಿಸಿನೀರಿಗೆ ತಣ್ಣೀರು ಬೆರೆಸಿ ನಾಲ್ವರ ಸ್ನಾನ ಮುಗಿಯುತ್ತದೆ.

ಹಾಗಾಗಿ ಅಡ್ಡ ಮಲಗಿದ ಹಳೆಯ ಟ್ಯಾಂಕಿನಲ್ಲಿ ಕಾಯಿಲ್ ತಳದಲ್ಲಿರದೆ ನಡುಮಟ್ಟದಲ್ಲಿರಬೇಕು. ಕಾಯಿಲ್‌ಗಿಂತ ಕೆಳಗಿನ ನೀರು ಬಿಸಿಯಾಗುವುದಿಲ್ಲವಾದ್ದರಿಂದ ಮೇಲಿನ ಅರ್ಧವಷ್ಟೇ, ಅಂದರೆ ಸುಮಾರು 100 ಲೀಟರ್, ಬಿಸಿಯಾಗುತ್ತದೆ. ಮಳೆಗಾಲಕ್ಕೆಂದು ಕಂಪನಿಯವರು ಪಕ್ಕದ ಮುಚ್ಚಳದಲ್ಲಿ ಇಟ್ಟ ಬ್ಯಾಕಪ್ ಕಾಯಿಲ್‌ನ ಜಾಗ ನಡುಮಟ್ಟದಲ್ಲಿದ್ದರೆ ಅದನ್ನೇ ಬಳಸಿ.

ಅಲ್ಲಿ ಸಾಮಾನ್ಯವಾಗಿ ಇರುವುದು 2000 ವ್ಯಾಟಿನ ಕಾಯಿಲ್. ಅದನ್ನು ತೆಗೆದು, ಅದೇ ಅಳತೆಯ ತಿರುಪಿನ, 1000 ವ್ಯಾಟಿನದನ್ನು ಹಾಕಿಸಿ. ಅಂಗಡಿಯವರು "ಒಂದು ಕಿಲೋವ್ಯಾಟ್ ಬಹಳ ನಿಧಾನ" ಎನ್ನುತ್ತಾರೆ. ನಮಗೆ ಬೇಕಾದದ್ದೂ ಅದೇ. ಎರಡು ಕಿಲೋವ್ಯಾಟ್ ಎಳೆಯುವ ಕಾಯಿಲ್, ಮಧ್ಯಾಹ್ನ ಒಂದರಿಂದ ಎರಡರವರೆಗೆ ಬಿಟ್ಟರೆ ಉಳಿದ ಹೊತ್ತಿನಲ್ಲೆಲ್ಲ ಬ್ಯಾಟರಿಯನ್ನೋ ಗ್ರಿಡ್ಡನ್ನೋ ಹೀರುತ್ತದೆ. ಕೊಂಡ ಕಾಯಿಲ್ ಸರಿಯಾದದ್ದೇ ಎಂದು ಮಲ್ಟಿಮೀಟರಿನಿಂದ ನೋಡಿಕೊಳ್ಳಿ: 230 ವೋಲ್ಟಿನ 1000 ವ್ಯಾಟಿಗೆ 53 ಓಮ್ ಆಸುಪಾಸು, 2000 ವ್ಯಾಟಿಗೆ 26 ಓಮ್ ಆಸುಪಾಸು ಬರಬೇಕು.

ಇನ್ವರ್ಟರ್ ಬಿಟ್ಟು ಪ್ಯಾನೆಲ್‌ನ ತಂತಿಯನ್ನೇ ನೇರವಾಗಿ ಕಾಯಿಲ್‌ಗೆ ಕೊಡುವ ಸಲಹೆಯೂ ಓಡಾಡುತ್ತಿದೆ. ಎರಡು ಕಾರಣಕ್ಕೆ ಅದು ಬೇಡ. ಪೂರ್ಣ ಬಿಸಿಲಿಗೆ ಹೊಂದಿಸಿದ ಕಾಯಿಲ್‌ಗೆ ಬಿಸಿಲು ಅರ್ಧವಾದಾಗ ಪ್ರವಾಹವೂ ಅರ್ಧವಾಗಿ, ಶಾಖ ಅರ್ಧವಾಗದೆ ಕಾಲುಭಾಗಕ್ಕೆ ಇಳಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಗೀಸರಿನ ಸಾದಾ ಥರ್ಮೋಸ್ಟಾಟ್ ಎಸಿ ಪ್ರವಾಹಕ್ಕೆ ಮಾಡಿದ್ದು. ಡಿಸಿ ಪ್ರವಾಹವನ್ನು ಕಡಿಯುವಾಗ ಅದರ ಸಂಪರ್ಕಬಿಂದುಗಳ ನಡುವೆ ಕಿಡಿ ಆರದೆ ಉರಿದು, ಬಿಂದುಗಳು ಬೆಸೆದುಕೊಂಡು, ನೀರು ಕುದಿಯುತ್ತಲೇ ಹೋಗಬಹುದು.

ಆರನೆಯ ಹೆಜ್ಜೆ: ಯಾವಾಗ ಹಚ್ಚಬೇಕು, ಯಾವಾಗ ಆರಿಸಬೇಕು

ಬ್ಯಾಟರಿ ಪೂರ್ತಿ ತುಂಬಿದ ಮೇಲೆ ಕಾಯಿಲ್ ಹಚ್ಚುವುದೆಂದರೆ, ನಮ್ಮ ಉದಾಹರಣೆಯ ಮನೆಯಲ್ಲಿ ಮಧ್ಯಾಹ್ನ ಹನ್ನೆರಡೂ ಮುಕ್ಕಾಲು. ನಾಲ್ಕರ ನಂತರ ಬಿಸಿಲು ಒಂದು ಕಿಲೋವ್ಯಾಟಿಗೆ ಸಾಲದು. ಸಿಗುವುದು ಮೂರೂಕಾಲು ಯೂನಿಟ್, ನೀರು 48 ಡಿಗ್ರಿ ದಾಟುವುದಿಲ್ಲ. ಆದರೆ ನಿರ್ಮಲ ದಿನದಲ್ಲಿ ಬ್ಯಾಟರಿ ಹೇಗೂ ತುಂಬಲಿದೆ ಎಂದು ಗೊತ್ತಿರುವಾಗ ಅದು ತುಂಬುವವರೆಗೆ ಕಾಯಬೇಕಾಗಿಲ್ಲ. ಹನ್ನೊಂದೂಕಾಲಿಗೆ ಬ್ಯಾಟರಿ ಶೇಕಡಾ 70 ದಾಟಿರುತ್ತದೆ. ಆಗಲೇ ಕಾಯಿಲ್ ಹಚ್ಚಿದರೆ ಉಳಿದ ಎಂಟುನೂರು ವ್ಯಾಟಿನಲ್ಲಿ ಬ್ಯಾಟರಿಯೂ ನಿಧಾನವಾಗಿ ತುಂಬುತ್ತ ಒಂದೂಕಾಲರ ಹೊತ್ತಿಗೆ ನೂರು ಮುಟ್ಟುತ್ತದೆ, ಕಾಯಿಲ್‌ಗೆ ಸಂಜೆ ನಾಲ್ಕರವರೆಗೆ 4.75 ಯೂನಿಟ್ ಸಿಗುತ್ತದೆ. ಇದಕ್ಕೆ ದುಬಾರಿ ಸಾಧನವೇನೂ ಬೇಕಿಲ್ಲ.

ಹಲವು ಹೈಬ್ರಿಡ್ ಇನ್ವರ್ಟರ್‌ಗಳಲ್ಲಿ ಬ್ಯಾಟರಿಯ ಮಟ್ಟ ನೋಡಿ ಲೋಡ್ ಹಚ್ಚುವ ಪ್ರತ್ಯೇಕ ಔಟ್‌ಪುಟ್ ಅಥವಾ ರಿಲೇ ಇರುತ್ತದೆ. ಅದರಲ್ಲಿ 70ಕ್ಕೆ ಆನ್, 60ಕ್ಕೆ ಆಫ್ ಎಂದಿಟ್ಟು, ಅದರ ಮುಂದೆ ಹನ್ನೊಂದರಿಂದ ನಾಲ್ಕರವರೆಗಿನ ಟೈಮರ್ ಹಾಕಿ. ರಿಲೇ ಚಿಕ್ಕದಾಗಿದ್ದರೆ ಅದು ಕಾಂಟ್ಯಾಕ್ಟರ್ ಎಂಬ ದೊಡ್ಡ ಸ್ವಿಚ್ಚನ್ನು ಹಚ್ಚಲಿ, ಕಾಂಟ್ಯಾಕ್ಟರ್ ಕಾಯಿಲನ್ನು ಹಚ್ಚಲಿ. ಗ್ರಿಡ್ ತಂತಿಗೆ ಕ್ಲಾಂಪ್ ಹಾಕಿ ಹೊರಹೋಗುವ ವಿದ್ಯುತ್ತನ್ನು ಅಳೆದು ಕಾಯಿಲ್‌ಗೆ ತಿರುಗಿಸುವ ಡೈವರ್ಟರ್‌ಗಳು ನೆಟ್ ಮೀಟರಿಲ್ಲದ ಈ ಮನೆಗೆ ಹೊಂದುವುದಿಲ್ಲ. ಇಲ್ಲಿ ಹೊರಗೆ ಹೋಗುವುದು ಯಾವಾಗಲೂ ಸೊನ್ನೆ. ಅಲ್ಲದೆ ಮೋಡ ಬಂದಾಗ ಕಾಯಿಲ್‌ಗೆ ಬ್ಯಾಟರಿಯೇ ಉಣಿಸುತ್ತಿರುವುದು ಆ ಕ್ಲಾಂಪಿಗೆ ತಿಳಿಯುವುದಿಲ್ಲ.

ಸ್ನಾನದ ಮನೆಯ 25 ಲೀಟರಿನ ಗೀಸರನ್ನೇ ಮಧ್ಯಾಹ್ನ ಹಚ್ಚಿಟ್ಟರಾಗದೇ ಎಂದು ಕೇಳುವವರಿದ್ದಾರೆ. ಅದರೊಳಗೆ ಹಿಡಿಯುವುದು ಒಂದೂಕಾಲು ಯೂನಿಟ್, ಬೆಳಗಿನವರೆಗೆ ಅದರಲ್ಲೂ ಒಂದು ಭಾಗ ಹೋಗುತ್ತದೆ. ಸಂಜೆ ಸ್ನಾನ ಮಾಡುವ ಮನೆಯವರಿಗಷ್ಟೇ ಅದು ಸರಿ.

ಏಳನೆಯ ಹೆಜ್ಜೆ: ಜೋಡಣೆ

ವಿದ್ಯುತ್ತಿನ ಕೆಲಸವನ್ನು ಪರವಾನಗಿಯಿರುವ ಎಲೆಕ್ಟ್ರಿಷಿಯನ್ ಮಾಡಲಿ, ನೀವು ಪಕ್ಕದಲ್ಲಿ ನಿಂತು ನೋಡಿ. ಕಾಯಿಲ್‌ಗೆ ಪ್ರತ್ಯೇಕ 2.5 ಚದರ ಮಿಲಿಮೀಟರ್ ತಾಮ್ರದ ತಂತಿ, 10 ಅಥವಾ 16 ಆಂಪಿಯರಿನ ಎಂಸಿಬಿ, ವಿದ್ಯುತ್ ಸೋರಿದರೆ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಮತ್ತು ಟ್ಯಾಂಕಿನ ಲೋಹಕ್ಕೆ ಕಟ್ಟಿದ ಅರ್ಥಿಂಗ್, ಈ ನಾಲ್ಕರಲ್ಲಿ ಯಾವುದನ್ನೂ ಬಿಡುವಂತಿಲ್ಲ. ಥರ್ಮೋಸ್ಟಾಟನ್ನು 60 ಡಿಗ್ರಿಗೆ ಇಡಿ. ಅದಕ್ಕಿಂತ ಮೇಲೆ ಗಡಸು ನೀರಿನ ಸುಣ್ಣ ಕಾಯಿಲ್ ಮೇಲೆ ಬೇಗ ಕಟ್ಟುತ್ತದೆ. ಥರ್ಮೋಸ್ಟಾಟ್ ಕೆಟ್ಟರೆ ಕಡಿಯುವ ಇನ್ನೊಂದು ಸುರಕ್ಷತಾ ಕಟ್‌ಔಟ್ ಬೇರೆಯಾಗಿ ಇರಲೇಬೇಕು.

ನಲ್ಲಿ ಕೆಲಸದವರಿಂದ ಎರಡು ಸಂಗತಿಗಳನ್ನು ಖಚಿತಪಡಿಸಿಕೊಳ್ಳಿ. ಟ್ಯಾಂಕಿನ ಮೇಲೆ ನಿಂತಿರುವ ಗಾಳಿಕೊಳವೆ ತೆರೆದೇ ಇರಬೇಕು. ಹಕ್ಕಿ ಗೂಡು ಕಟ್ಟಿದ್ದರೆ ಅಥವಾ ಯಾರೋ ಮುಚ್ಚಳ ಬಿಗಿದಿದ್ದರೆ ಮೊದಲು ತೆಗೆಯಿರಿ. ತಣ್ಣೀರು ಬರುವ ಪೈಪಿನಲ್ಲಿ ಹಿಮ್ಮುಖ ಹರಿವನ್ನು ತಡೆಯುವ ವಾಲ್ವ್ ಇರಬೇಕು. ಪಾಲಿಕೆಯ ನೀರು ನಿಂತು ಮೇಲಿನ ಟ್ಯಾಂಕ್ ಖಾಲಿಯಾದಾಗ ಕೆಳಮಹಡಿಯ ನಲ್ಲಿ ತೆರೆದರೆ, ಈ ವಾಲ್ವ್ ಇಲ್ಲದ ಪಕ್ಷದಲ್ಲಿ ಬಿಸಿನೀರಿನ ಟ್ಯಾಂಕೇ ಬರಿದಾಗಬಹುದು. ನೀರಿಲ್ಲದೆ ಉರಿಯುವ ಕಾಯಿಲ್ ಕೆಲವೇ ನಿಮಿಷಗಳಲ್ಲಿ ಸುಟ್ಟುಹೋಗುತ್ತದೆ.

ಎಂಟನೆಯ ಹೆಜ್ಜೆ: ಪರೀಕ್ಷೆ, ಮತ್ತು ಬರುವ ತೊಂದರೆಗಳು

ಬೆಳಗಿನ ಸ್ನಾನ ಮುಗಿದ ಮೇಲೆ ಯಾರೂ ಬಿಸಿನೀರು ಬಿಡದಂತೆ ನೋಡಿಕೊಂಡು, ಕಾಯಿಲನ್ನು ಸರಿಯಾಗಿ ಎರಡು ಗಂಟೆ ನಡೆಸಿ, ಮೊದಲೂ ಕೊನೆಗೂ ಪೈಪಿನ ನೀರನ್ನು ಸ್ವಲ್ಪ ಹರಿಯಬಿಟ್ಟು ಥರ್ಮಾಮೀಟರಿನಿಂದ ಅಳೆಯಿರಿ. 100 ಲೀಟರ್ ಬಿಸಿಯಾಗಿದ್ದರೆ ಸುಮಾರು 17 ಡಿಗ್ರಿ ಏರಿರಬೇಕು. 8 ಅಥವಾ 9 ಡಿಗ್ರಿ ಮಾತ್ರ ಏರಿದ್ದರೆ ಇಡೀ ಟ್ಯಾಂಕ್ ಬಿಸಿಯಾಗುತ್ತಿದೆ, ಅಂದರೆ ಕಾಯಿಲ್ ತೀರ ಕೆಳಗಿದೆ. 30 ಡಿಗ್ರಿ ಏರಿದ್ದರೆ ಕಾಯಿಲ್ ಮೇಲಕ್ಕಿದೆ. ಮೊದಲ ಇಬ್ಬರ ಸ್ನಾನಕ್ಕೇ ಬಿಸಿನೀರು ಮುಗಿಯುತ್ತದೆ.

ಸಂಜೆ 60 ಇದ್ದ ನೀರು ಬೆಳಿಗ್ಗೆ 45ಕ್ಕೆ ಇಳಿದಿದ್ದರೆ, ರಾತ್ರಿ ಮಲಗುವ ಮುನ್ನ ತಣ್ಣೀರಿನ ಪೈಪನ್ನು ಟ್ಯಾಂಕಿನಿಂದ ಮೇಲಕ್ಕೆ ಕೈಯಿಂದ ಮುಟ್ಟುತ್ತ ಹೋಗಿ. ಎರಡು ಮೂರು ಅಡಿಯವರೆಗೂ ಬಿಸಿ ಇದ್ದರೆ ಶಾಖ ಆ ದಾರಿಯಲ್ಲೇ ಏರಿ ಹೋಗುತ್ತಿದೆ, ತಡೆವಾಲ್ವ್ ಕಚ್ಚುತ್ತಿಲ್ಲ. ಪೈಪು ತಣ್ಣಗಿದ್ದರೆ ಟ್ಯಾಂಕಿನ ಹೊದಿಕೆಯೊಳಗಿನ ಫೋಮ್ ನೆನೆದು ಹೋಗಿರಬಹುದು. ಅಡಿಭಾಗದಲ್ಲಿ ತುಕ್ಕಿನ ಕಲೆ ಅದಕ್ಕೆ ಸಾಕ್ಷಿ. ಅಂಥ ಟ್ಯಾಂಕಿಗೆ ಎಷ್ಟು ವಿದ್ಯುತ್ ಸುರಿದರೂ ವ್ಯರ್ಥ.

ಕೆಲವು ತಿಂಗಳ ನಂತರ ಆರ್‌ಸಿಸಿಬಿ ಪದೇ ಪದೇ ಬೀಳತೊಡಗಿದರೆ ಅದನ್ನು ಬೈಪಾಸ್ ಮಾಡಲು ಯಾರಿಗೂ ಬಿಡಬೇಡಿ. ಸುಣ್ಣ ಕಟ್ಟಿದ ಕಾಯಿಲ್‌ನ ಕವಚ ಸೀಳಿ ಒಳಗೆ ನೀರು ಇಳಿದಿರುತ್ತದೆ. ನಿರೋಧನ ಅಳೆಯುವ 500 ವೋಲ್ಟಿನ ಮೆಗ್ಗರಿನಿಂದ ಅಳೆದಾಗ ಒಂದು ಮೆಗಾಓಮ್‌ಗಿಂತ ಕಡಿಮೆ ಬಂದರೆ ಕಾಯಿಲ್ ಬದಲಾಯಿಸಬೇಕು. ಸಂಜೆ ಬ್ಯಾಟರಿ ಎಂದಿಗಿಂತ ಬೇಗ ಮುಗಿಯುತ್ತಿದ್ದರೆ ದೋಷ ಆನ್–ಆಫ್ ಮಿತಿಯಲ್ಲಿದೆ; 70–60ರ ಬದಲು 85–75 ಇಟ್ಟು ನೋಡಿ.

ಜೂನ್ ಮಧ್ಯದಲ್ಲಿ ಮಳೆ ಹಿಡಿದ ಮೇಲೆ ಕಾಯಿಲ್‌ನ ಎಂಸಿಬಿಯನ್ನು ಇಳಿಸಿ, ಸ್ನಾನದ ಮನೆಯ ಗೀಸರಿಗೆ ಮರಳಿ. ಆ ನಾಲ್ಕು ತಿಂಗಳು ಉಳಿಕೆ ಇರುವ ದಿನಗಳು ಬೆರಳೆಣಿಕೆಯಷ್ಟು. ಗೀಸರನ್ನು ಕಿತ್ತು ಮಾರಿದ ಮನೆಯವರು ಆಗ ಬ್ಯಾಟರಿಯಿಂದ ನೀರು ಕಾಯಿಸಲು ಹೋಗಿ ರಾತ್ರಿ ಕತ್ತಲಲ್ಲಿ ಕೂರುತ್ತಾರೆ. ಅಕ್ಟೋಬರಿನಲ್ಲಿ ಮತ್ತೆ ಹಚ್ಚುವ ಮೊದಲು ಟ್ಯಾಂಕಿನ ತಳದ ಡ್ರೇನ್ ವಾಲ್ವ್ ತೆರೆದು ಕೆಸರು ಹೊರಬಿಟ್ಟು, ಕಾಯಿಲನ್ನು ಬಿಚ್ಚಿ ಸುಣ್ಣ ಕೆರೆದು, ಹೊಸ ವಾಷರ್ ಹಾಕಿ ಕೂರಿಸಿ.